ಘಟ್ಟ ಇಳಿಯುವ ಹಳೇ ವ್ಯಾನಿಗೆ ಯಾವ ಟೈರು?

ಪ್ರಶ್ನೆ: ನನ್ನ ಹಳೇ ವ್ಯಾನಿನ ನಾಲ್ಕೂ ಟೈರು ಟ್ಯೂಬಿನವು, ನೈಲಾನ್. ಮೇಲೆ 4.50-12 ಅಂತ ಬರೆದಿದೆ. ವಾರಕ್ಕೆರಡು ಸಲ ಶಿರಸಿಯಿಂದ ಕುಮಟಾಕ್ಕೆ ಹೋಗಿ ಬರುತ್ತೇನೆ. ಟ್ಯೂಬ್‌ಲೆಸ್ ರೇಡಿಯಲ್ ಸೇಫ್ ಅಂತಾರೆ. ಕರಾವಳೀಲಿ ಅದರಲ್ಲಿ ಗಾಳಿ ನಿಲ್ಲಲ್ಲ, ಒಳಗೆ ಟ್ಯೂಬ್ ಹಾಕಿಸು ಅಂತಲೂ ಹೇಳ್ತಾರೆ. ಸದ್ಯ ಎರಡು ಟೈರಿಗಷ್ಟೇ ದುಡ್ಡಿದೆ. ಏನು ಮಾಡಲಿ?

ಹಾಕಿಸಿ. ಆದರೆ ಒಳಗೆ ಟ್ಯೂಬ್ ಮಾತ್ರ ಬೇಡ ಮಾರಾಯ್ರೆ. ಇದನ್ನು ಇಷ್ಟು ಗಟ್ಟಿಯಾಗಿ ಹೇಳೋಕೆ ಕಾರಣ ಇದೆ. ಕುಮಟಾದಲ್ಲಿ ನನ್ನದೊಂದು ಸಣ್ಣ ಟೈರು, ಪಂಕ್ಚರ್ ಅಂಗಡಿ. ಒಂದು ಸಲ ಈ ತಪ್ಪನ್ನು ನಾನೇ ಮಾಡಿದ್ದೇನೆ.

ತದಡಿಯಿಂದ ಶಿರಸಿಗೆ ಮೀನು ಸಾಗಿಸುವ ಒಬ್ಬರ ಪಿಕಪ್. ಟ್ಯೂಬ್‌ಲೆಸ್ ರೇಡಿಯಲ್ ಟೈರು. ಹಿಂದಿನ ಎಡ ಚಕ್ರದಲ್ಲಿ ಮಾತ್ರ ವಾರಕ್ಕೆ ಎಂಟು ಹತ್ತು ಪೌಂಡ್ ಗಾಳಿ ಇಳಿಯುತ್ತಿತ್ತು. ಆರೋಗ್ಯವಾಗಿರುವ ಟೈರಲ್ಲಿ ತಿಂಗಳಿಗೆ ಒಂದೆರಡು ಪೌಂಡ್ ಕಡಿಮೆಯಾಗೋದು ಸಹಜ, ಅದಕ್ಕಿಂತ ಜಾಸ್ತಿ ಆದರೆ ಎಲ್ಲೋ ದಾರಿ ಇದೆ ಅಂತಲೇ ಅರ್ಥ. ಮೊಳೆ ಹುಡುಕಿದೆ, ಸಿಗಲಿಲ್ಲ. ಅಂಗಡಿ ತುಂಬ ಜನ. ಅವರೂ ಗಡಿಬಿಡಿಯಲ್ಲಿದ್ದರು. "ಒಂದು ಟ್ಯೂಬ್ ಹಾಕಿ ಬಿಡ್ರೋ, ಮೀನು ಹಾಳಾಗ್ತದೆ" ಅಂದರು. ಹಾಕಿಬಿಟ್ಟೆ. ಗಾಳಿ ನಿಂತಿತು. ಇಬ್ಬರಿಗೂ ಖುಷಿ.

ಎರಡು ತಿಂಗಳ ನಂತರ, ಏಪ್ರಿಲ್ ಬಿಸಿಲು, ಗಾಡಿ ತುಂಬ ಲೋಡು. ಕತಗಾಲ ದಾಟಿ ದೇವಿಮನೆ ಘಟ್ಟ ಹತ್ತುವಾಗ ಆ ಚಕ್ರ ಒಮ್ಮೆಲೇ ಕೂತುಬಿಟ್ಟಿತು. ಹತ್ತುವಾಗ ಆದದ್ದು ಪುಣ್ಯ. ವೇಗ ಇರಲಿಲ್ಲ, ಗಾಡಿ ಗುಡ್ಡದ ಬದಿಗೆ ವಾಲಿ ನಿಂತಿತು. ಇಳಿಯುವಾಗ ಆಗಿದ್ದರೆ ಏನಾಗುತ್ತಿತ್ತೋ.

ಟೈರು ಬಿಚ್ಚಿ ನೋಡಿದರೆ ಒಳಗೋಡೆಗೆ ಅಂಟಿಸಿದ್ದ ಒಂದು ಕಾಗದದ ಚೀಟಿ. ಅದರ ಅಂಚು ಎರಡು ತಿಂಗಳು ಟ್ಯೂಬನ್ನು ಉಜ್ಜಿ ಉಜ್ಜಿ ತೂತು ಮಾಡಿತ್ತು. ಟ್ಯೂಬ್‌ಲೆಸ್ ಟೈರಿನ ಒಳಮೈಯನ್ನು ಟ್ಯೂಬ್ ಕೂರಲಿ ಅಂತ ಮಾಡಿರುವುದಿಲ್ಲ. ಅಲ್ಲಿ ಸಣ್ಣ ಸಣ್ಣ ಏಣುಗಳಿರುತ್ತವೆ. ಜೊತೆಗೆ ರೇಡಿಯಲ್ ಟೈರಿನ ಪಕ್ಕ ಪ್ರತಿ ಸುತ್ತಿಗೂ ಬಹಳ ಬಾಗುತ್ತದೆ. ಟ್ಯೂಬೂ ಟೈರೂ ಒಂದಕ್ಕೊಂದು ತಿಕ್ಕಿ ಬಿಸಿಯಾಗುತ್ತವೆ. ಟ್ಯೂಬ್ ತೂತಾದರೆ ಗಾಳಿ ವಾಲ್ ತೂತಿನಿಂದ ನೇರ ಹೊರಗೆ. ಅಂದರೆ ಟ್ಯೂಬ್‌ಲೆಸ್‌ಗೆ ಜಾಸ್ತಿ ದುಡ್ಡು ಕೊಟ್ಟು, ಅದಕ್ಕಿದ್ದ ಒಂದು ಒಳ್ಳೇ ಗುಣವನ್ನು ನಾವೇ ಕಿತ್ತು ಹಾಕಿದ ಹಾಗಾಯಿತು.

ಆ ಗುಣ ಯಾವುದು ಅಂದರೆ ನಿಧಾನ. ಟ್ಯೂಬು ಬಲೂನಿನ ಹಾಗೆ ಉಬ್ಬಿ ಬಿಗಿದಿರುತ್ತದೆ. ಮೊಳೆ ಚುಚ್ಚಿದರೆ ತೂತು ಅಗಲವಾಗುತ್ತದೆ, ಕೆಲವು ಸಲ ಹರಿದೇ ಹೋಗುತ್ತದೆ. ಟ್ಯೂಬ್‌ಲೆಸ್ ಟೈರಲ್ಲಿ ಗಾಳಿ ಹಿಡಿಯುವುದು ಒಳಮೈಗೆ ಬಳಿದ ಹಾಗಿರುವ ಒಂದು ರಬ್ಬರ್ ಪದರ. ಅದು ಮೊಳೆಯನ್ನು ಸುತ್ತಲಿಂದ ಅಮುಕಿ ಹಿಡಿಯುತ್ತದೆ. ಮೊಳೆ ಕೀಳದಿದ್ದರೆ ಎಷ್ಟೋ ಸಲ ಗಂಟೆಗಟ್ಟಲೆ, ದಿನಗಟ್ಟಲೆ ಗಾಳಿ ಇರುತ್ತದೆ. ದೇವಿಮನೆಯ ತಿರುವಿನಲ್ಲಿ ಚಕ್ರ ತಕ್ಷಣ ಕೂರುವುದಕ್ಕೂ, ಮನೆಗೆ ಹೋದ ಮೇಲೆ ಕೂರುವುದಕ್ಕೂ ಇರುವ ವ್ಯತ್ಯಾಸ ನಿಮಗೆ ಗೊತ್ತೇ ಇದೆ.

ಈಗ ಕರಾವಳಿಯಲ್ಲಿ ಗಾಳಿ ನಿಲ್ಲಲ್ಲ ಅನ್ನೋ ಮಾತು. ಅದು ಪೂರ್ತಿ ಸುಳ್ಳಲ್ಲ. ಆದರೆ ತಪ್ಪು ಟೈರಿನದಲ್ಲ, ಡಿಸ್ಕಿನದು. ಟ್ಯೂಬ್‌ಲೆಸ್‌ನಲ್ಲಿ ಟೈರಿನ ಅಂಚು, ಅಂದರೆ ಬೀಡು, ಡಿಸ್ಕಿನ ಮೇಲೆ ಒತ್ತಿ ಕೂರುವುದೇ ಬಿರಡೆಯ ಕೆಲಸ ಮಾಡುತ್ತದೆ. ಉಪ್ಪುಗಾಳಿಗೆ ಆ ಜಾಗದ ಬಣ್ಣ ಏಳುತ್ತದೆ, ಅಡಿಯಲ್ಲಿ ತುಕ್ಕು ಪುಡಿಪುಡಿಯಾಗಿ ಉಬ್ಬುತ್ತದೆ, ಸಂದಿನಿಂದ ಗಾಳಿ ನುಸುಳುತ್ತದೆ. ಮೀನಿನ ಗಾಡಿಗಳಲ್ಲಂತೂ ಐಸ್ ಕರಗಿದ ಉಪ್ಪುನೀರು ಹಿಂದಿನ ಚಕ್ರಗಳ ಮೇಲೇ ತೊಟ್ಟಿಕ್ಕುತ್ತಿರುತ್ತದೆ. ಆ ಪಿಕಪ್ಪಿನ ರೋಗವೂ ಇದೇ ಆಗಿತ್ತು. ನಾನು ಟ್ಯೂಬ್ ಹಾಕಿ ರೋಗ ಮುಚ್ಚಿಟ್ಟಿದ್ದೆ, ಅಷ್ಟೇ.

ಇದನ್ನು ಪತ್ತೆ ಮಾಡೋದು ಸುಲಭ. ಚಕ್ರ ಬಿಚ್ಚಿ ನೆಲದ ಮೇಲೆ ಮಲಗಿಸಿ, ಡಿಸ್ಕೂ ಟೈರೂ ಸೇರುವ ಕಡೆ ಸುತ್ತಲೂ ಸೋಪಿನ ನೀರು ಹೊಯ್ಯಬೇಕು. ಐದು ನಿಮಿಷ ಸುಮ್ನೆ ಕಾಯಬೇಕು, ಏಕೆಂದರೆ ಸಣ್ಣ ಸೋರಿಕೆ ಗುಳ್ಳೆ ಎಬ್ಬಿಸೋಕೆ ಹೊತ್ತು ತಗೊಳ್ಳುತ್ತದೆ. ಆಮೇಲೆ ಮಗುಚಿ ಒಳಬದಿಗೂ ಹಾಗೇ ಮಾಡಬೇಕು. ತುಕ್ಕು ಎಷ್ಟೋ ಸಲ ಕಣ್ಣಿಗೆ ಕಾಣದ ಒಳಬದಿಯಲ್ಲೇ ಇರುತ್ತದೆ. ವಾಲ್‌ನ ಬುಡ, ವಾಲ್‌ನ ತುದಿ ಎರಡನ್ನೂ ಬಿಡಬಾರದು. ಹಳೇ ರಬ್ಬರ್ ವಾಲ್ ಬುಡದಲ್ಲಿ ಸೀಳಿರುತ್ತದೆ, ಬೆರಳಲ್ಲಿ ಬಗ್ಗಿಸಿದರೆ ಮಾತ್ರ ಗುಳ್ಳೆ ಬರುತ್ತದೆ.

ಬೀಡಿನ ಬಳಿ ಗುಳ್ಳೆ ಬಂದರೆ ಟೈರನ್ನು ಡಿಸ್ಕಿನಿಂದ ಪೂರ್ತಿ ತೆಗೆಯಬೇಕು. ತಂತಿ ಬ್ರಷ್‌ನಲ್ಲಿ, ಮತ್ತೆ ಉಪ್ಪುಕಾಗದದಲ್ಲಿ ಬೀಡು ಕೂರುವ ಜಾಗವನ್ನು ಲೋಹ ಕಾಣುವ ತನಕ ಉಜ್ಜಬೇಕು. ಟೈರಿನ ಅಂಚಿಗೆ ಅಂಟಿರುವ ತುಕ್ಕಿನ ಚೂರನ್ನೂ ಒರೆಸಬೇಕು. ಡಿಸ್ಕಿಗೆ ತೆಳ್ಳಗೆ ಪ್ರೈಮರ್, ಬಣ್ಣ ಹಚ್ಚಿ ಚೆನ್ನಾಗಿ ಒಣಗಲು ಬಿಡಬೇಕು. ನಂತರ ಬೀಡ್ ಸೀಲರ್ ಅಂತ ಸಿಗುವ ಕಪ್ಪು ದ್ರಾವಣ ಹಚ್ಚಿ, ಹೊಸ ವಾಲ್ ಹಾಕಿ ಟೈರು ಏರಿಸಬೇಕು. ಟೈರು ಜಾರಲಿ ಅಂತ ಕೆಲವರು ಡೀಸೆಲ್, ಗ್ರೀಸ್ ಬಳಿಯುತ್ತಾರೆ. ಹಾಗೆ ಬಳಿಯಲು ಬಿಡಬೇಡಿ, ಅದು ರಬ್ಬರನ್ನು ತಿನ್ನುತ್ತದೆ. ತುಕ್ಕು ಹಳ್ಳ ಹಳ್ಳವಾಗಿ ಲೋಹವನ್ನೇ ತಿಂದಿದ್ದರೆ ಯಾವ ಸೀಲರ್ರೂ ಬಾಳುವುದಿಲ್ಲ, ಡಿಸ್ಕನ್ನೇ ಬದಲಿಸಬೇಕು. ಆ ಪಿಕಪ್ಪಿಗೆ ಉಜ್ಜಿ ಬಣ್ಣ ಹಚ್ಚಿದ್ದೇ ಸಾಕಾಯಿತು. ಟೈರನ್ನು ಮಾತ್ರ ಎಸೆಯಬೇಕಾಯಿತು. ಗಾಳಿ ಇಲ್ಲದೆ ನಿಲ್ಲುವವರೆಗೆ ಉರುಳಿದ್ದಕ್ಕೇ ಪಕ್ಕದ ಒಳಗೋಡೆ ಉಂಗುರದ ಹಾಗೆ ಸವೆದು, ಒಳಗೆ ಕಪ್ಪು ರಬ್ಬರ್ ಪುಡಿ ಬಿದ್ದಿತ್ತು. ಈ ಪುಡಿ ಕಂಡರೆ ಆ ಟೈರನ್ನು ಮತ್ತೆ ಹಾಕಿಸಬೇಡಿ, ಹೊರಗಿಂದ ಎಷ್ಟೇ ಚೆಂದ ಕಾಣಲಿ. ಹೊರಗಿನಿಂದಲೇ ಬತ್ತಿ ತುರುಕಿ ಕಳಿಸುವ ಪಂಕ್ಚರ್‌ನಲ್ಲಿ ಈ ಪುಡಿ ಯಾರ ಕಣ್ಣಿಗೂ ಬೀಳುವುದಿಲ್ಲ. ಬತ್ತಿ ದಾರಿಗೆ ಸರಿ. ಊರಿಗೆ ಬಂದ ಮೇಲೆ ಬಿಚ್ಚಿಸಿ ಒಳಗಿಂದ ಪ್ಯಾಚ್ ಹಾಕಿಸಿಕೊಳ್ಳಿ. ಅದೂ ನೆಲ ಮುಟ್ಟುವ ಭಾಗದ ತೂತಿಗೆ ಮಾತ್ರ, ಪಕ್ಕದ ಗೋಡೆಗೆ ಪ್ಯಾಚ್ ಇಲ್ಲ.

ಇನ್ನು ರೇಡಿಯಲ್ಲಾ, ನೈಲಾನಾ ಅನ್ನೋದು. ನಾವು ನೈಲಾನ್ ಅಂತ ಕರೆಯೋದು ಕ್ರಾಸ್ ಪ್ಲೈ ಟೈರನ್ನು. ಅದರಲ್ಲಿ ದಾರದ ಪದರಗಳು ಓರೆಯಾಗಿ, ಒಂದರ ಮೇಲೊಂದು ಚಾಪೆಯ ಹೆಣಿಗೆಯಂತೆ ಅಡ್ಡಹಾಯುತ್ತವೆ. ಪಕ್ಕವೂ ನೆಲ ಮುಟ್ಟುವ ಭಾಗವೂ ಒಂದೇ ಹೆಣಿಗೆ. ತಿರುವಿನಲ್ಲಿ ಪಕ್ಕ ಬಾಗಿದರೆ ಅಡಿಯೂ ಸೊಟ್ಟಗಾಗಿ ನೆಲ ಬಿಡುತ್ತದೆ. ರೇಡಿಯಲ್‌ನಲ್ಲಿ ದಾರಗಳು ಒಂದು ಬೀಡಿನಿಂದ ಇನ್ನೊಂದಕ್ಕೆ ನೇರ ಹೋಗುತ್ತವೆ. ಅಡಿಭಾಗಕ್ಕೆ ಬೇರೆಯೇ ಬೆಲ್ಟು, ಸಾಮಾನ್ಯವಾಗಿ ಉಕ್ಕಿನದು. ಪಕ್ಕ ಬಾಗಿದರೂ ಅಡಿ ಚಪ್ಪಟೆಯಾಗಿ ನೆಲಕ್ಕೆ ಅಂಟಿಯೇ ಇರುತ್ತದೆ. ಮಳೆಗಾಲದಲ್ಲಿ ಘಟ್ಟ ಇಳಿಯುವಾಗ ಈ ಹಿಡಿತವೇ ಬೇಕಾದದ್ದು. ಬಿಸಿಯೂ ಕಡಿಮೆ, ಸವೆಯುವುದೂ ನಿಧಾನ.

ಹಾಗಂತ ನೈಲಾನನ್ನು ಬೈಯುವುದಿಲ್ಲ. ಅದರ ಪಕ್ಕ ಗಟ್ಟಿ. ಚಿರೆಕಲ್ಲಿನ ಕ್ವಾರಿಗೆ ಹೋಗುವ ಗಾಡಿಗೆ ಈಗಲೂ ನಾನು ಅದನ್ನೇ ಹೇಳುತ್ತೇನೆ. ರೇಡಿಯಲ್‌ನ ಪಕ್ಕ ಮೃದು. ಚೂಪು ಕಲ್ಲು ಒರೆಸಿದರೆ ಕೊಯ್ಯುತ್ತದೆ. ಹೊಂಡಕ್ಕೆ ಜೋರಾಗಿ ಬಿದ್ದರೆ ಒಳಗಿನ ದಾರ ತುಂಡಾಗಿ ಬುಗುಟು ಏಳುತ್ತದೆ, ಅದಕ್ಕೆ ರಿಪೇರಿ ಇಲ್ಲ.

ಇನ್ನೊಂದು ಸಮಸ್ಯೆ ಇದೆ, ನೈಲಾನ್ ಓಡಿಸಿ ಅಭ್ಯಾಸ ಆದವರೇ ಇದರಲ್ಲಿ ಮೋಸ ಹೋಗುವುದು. ರೇಡಿಯಲ್ ಟೈರು ಪೂರ್ತಿ ಗಾಳಿ ಇದ್ದರೂ ಕೆಳಗೆ ಸ್ವಲ್ಪ ಉಬ್ಬಿಕೊಂಡೇ ಕಾಣುತ್ತದೆ. ಹತ್ತು ಪೌಂಡ್ ಕಡಿಮೆ ಇದ್ದರೂ ಹೆಚ್ಚು ಕಡಿಮೆ ಹಾಗೇ ಕಾಣುತ್ತದೆ. ಕಾಲಲ್ಲಿ ಒದ್ದು ನೋಡುವ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಟ್ಯೂಬ್‌ಲೆಸ್ ನಿಧಾನಕ್ಕೆ ಸೋರುತ್ತದೆ, ರೇಡಿಯಲ್ ಸೋರಿದ್ದನ್ನು ತೋರಿಸುವುದಿಲ್ಲ. ಎರಡೂ ಸೇರಿದರೆ ನೀವು ವಾರಗಟ್ಟಲೆ ಕಮ್ಮಿ ಗಾಳಿಯಲ್ಲಿ ಓಡಿಸುತ್ತಿರಬಹುದು. ಒಂದು ಗೇಜ್ ತಗೊಂಡು ಹದಿನೈದು ದಿನಕ್ಕೊಮ್ಮೆ, ಬೆಳಿಗ್ಗೆ ಗಾಡಿ ತೆಗೆಯುವ ಮೊದಲೇ ಅಳೆಯಿರಿ. ಘಟ್ಟ ಇಳಿದು ಕುಮಟಾದಲ್ಲಿ ಅಳೆದರೆ ಬಿಸಿಗೆ ಮೂರ್ನಾಲ್ಕು ಪೌಂಡ್ ಜಾಸ್ತಿಯೇ ತೋರಿಸುತ್ತದೆ. ಜಾಸ್ತಿ ಇದೆ ಅಂತ ಬಿಟ್ಟುಬಿಟ್ಟರೆ ಮರುದಿನ ಬೆಳಿಗ್ಗೆ ಶಿರಸಿಯ ಚಳಿಯಲ್ಲಿ ಕಡಿಮೆಯಾಗಿರುತ್ತದೆ.

ಕೊಳ್ಳುವ ಮೊದಲು ಎರಡು ನೋಡಿಕೊಳ್ಳಿ. ಅಂಕೆಗಳ ನಡುವೆ ಇಂಗ್ಲಿಷಿನ ಆರ್ ಅಕ್ಷರ ಇದ್ದರೆ ರೇಡಿಯಲ್, ನಿಮ್ಮದರಂತೆ ಬರೀ ಅಡ್ಡಗೀಟು ಇದ್ದರೆ ನೈಲಾನ್. ನಿಮ್ಮ ಅಳತೆಗೆ ಸಾಮಾನ್ಯವಾಗಿ 145 ಆರ್ 12 ಕೂರುತ್ತದೆ. ಆದರೂ ಗಾಡಿಯ ಪುಸ್ತಕದಲ್ಲಿ ಹಾಗೆ ಇದೆಯಾ, ಟೈರು ಹೊರುವ ಭಾರದ ಅಂಕೆ ಹಳೇದಕ್ಕೆ ಸಮ ಇದೆಯಾ ನೋಡಿ. ಎರಡನೆಯದು ಡಿಸ್ಕು. ಟ್ಯೂಬ್‌ಲೆಸ್ ಡಿಸ್ಕಿನ ಒಳಗೆ ಬೀಡು ಕೂರುವ ಜಾಗದ ಪಕ್ಕ ಸುತ್ತಲೂ ಒಂದು ಸಣ್ಣ ದಿಬ್ಬ ಇರುತ್ತದೆ. ಗಾಳಿ ಕಮ್ಮಿಯಾದಾಗ ಬೀಡು ಜಾರಿ ಒಳಗೆ ಬೀಳದಂತೆ ತಡೆಯುವುದು ಅದೇ. ಹಳೇ ಡಿಸ್ಕಿನಲ್ಲಿ ಅದು ಇಲ್ಲದಿದ್ದರೆ ಟ್ಯೂಬ್‌ಲೆಸ್ ಹಾಕಬಾರದು. ಡಿಸ್ಕ್ ಬದಲಿಸಿ, ಇಲ್ಲವೇ ಟ್ಯೂಬ್ ಟೈಪ್ ಅಂತಲೇ ಬರೆದಿರುವ ರೇಡಿಯಲ್‌ಗೆ ರೇಡಿಯಲ್ ಟ್ಯೂಬ್ ಹಾಕಿಸಿ. ನೈಲಾನಿನ ಹಳೇ ಟ್ಯೂಬ್ ಅದಕ್ಕೆ ಆಗುವುದಿಲ್ಲ.

ಎರಡೇ ಟೈರಿಗೆ ದುಡ್ಡಿದೆ ಅಂದಿರಿ. ಹಾಗಾದರೆ ಎರಡನ್ನೂ ಹಿಂದಕ್ಕೆ ಹಾಕಿಸಿ. ಸ್ಟೇರಿಂಗ್ ಮುಂದಿದೆ, ಒಳ್ಳೇದು ಮುಂದೆ ಇರಲಿ ಅಂತ ಎಲ್ಲರೂ ಹೇಳುತ್ತಾರೆ. ಕೇಳಬೇಡಿ. ಮುಂದೆ ರೇಡಿಯಲ್, ಹಿಂದೆ ನೈಲಾನ್ ಆದರೆ ತಿರುವಿನಲ್ಲಿ ಮುಂದಿನದು ನೆಲ ಹಿಡಿಯುತ್ತದೆ, ಹಿಂದಿನದು ಬಿಡುತ್ತದೆ. ಗಾಡಿಯ ಬಾಲ ಹೊರಕ್ಕೆ ಬೀಸುತ್ತದೆ, ಒದ್ದೆ ರಸ್ತೆಯಲ್ಲಿ ಅದನ್ನು ಸಂಭಾಳಿಸೋದು ಕಷ್ಟ. ಒಂದೇ ಆಕ್ಸಲಿನ ಎಡಕ್ಕೊಂದು ಜಾತಿ, ಬಲಕ್ಕೊಂದು ಜಾತಿ ಅಂತೂ ಬೇಡವೇ ಬೇಡ. ಮಳೆಗಾಲಕ್ಕೆ ಮೊದಲು ದುಡ್ಡು ಕೂಡಿದರೆ ಮುಂದಿನ ಎರಡನ್ನೂ ಬದಲಿಸಿ.

ಅಲ್ಲಿಯವರೆಗೆ ನಿಮ್ಮ ಸ್ಟೆಪ್ನಿ ನೈಲಾನೇ ಇರುತ್ತದೆ ಅಲ್ವಾ? ಹಿಂದಿನ ಚಕ್ರ ಪಂಕ್ಚರ್ ಆಗಿ ಅದನ್ನು ಹಾಕಬೇಕಾಗಿ ಬಂದರೆ, ನಿಧಾನಕ್ಕೆ ಹತ್ತಿರದ ಅಂಗಡಿ ತನಕ ಮಾತ್ರ. ಶಿರಸಿ ಕಡೆ ಆದರೆ ಅಲ್ಲೇ ಸರಿ ಮಾಡಿಸಿಕೊಂಡು ಆಮೇಲೆ ಘಟ್ಟ ಇಳಿಯಿರಿ.