ಪೂರ್ಣವಿರಾಮ ಹಾಕಿದ ಜಾಗದಲ್ಲಿ ಬಿದ್ದುಹೋದ ಷರತ್ತು

ಪ್ರಶ್ನೆ: ನಮ್ಮ ಸಹಕಾರ ಸಂಘದ ಸಾಲದ ಕರಾರಿನಲ್ಲಿ ಒಂದೊಂದು ವಾಕ್ಯ ಅರ್ಧ ಪುಟ ಇದೆ. ಷರತ್ತು ಬದಲಾಗದ ಹಾಗೆ ಚಿಕ್ಕದು ಮಾಡೋದು ಹೇಗೆ? ಒಂದು ವಾಕ್ಯಕ್ಕೆ ಎಷ್ಟು ಪದ ಸರಿ?

ಪದ ಎಣಿಸಲು ಹೋಗಬೇಡಿ. ನಾನು ಎಣಿಸಿಯೇ ಕೆಟ್ಟೆ. ಹತ್ತು ವರ್ಷದ ಹಿಂದೆ ಒಂದು ಪತ್ತಿನ ಸಂಘದಲ್ಲಿ ಗುಮಾಸ್ತನಾಗಿದ್ದಾಗ, ಓದಲು ಸುಲಭವಾಗಲಿ ಎಂದು ವಾಹನ ಸಾಲದ ಕರಾರನ್ನು ನಾನೇ ತಿದ್ದಿ ಬರೆದೆ. ಮೂಲದಲ್ಲಿ ಹೀಗಿತ್ತು:

"ಸಾಲಗಾರನು ಸತತವಾಗಿ ಎರಡು ಕಂತುಗಳನ್ನು ಪಾವತಿಸದಿದ್ದಲ್ಲಿ, ಸಂಘವು ಸಾಲಗಾರನಿಗೂ ಜಾಮೀನುದಾರನಿಗೂ 15 ದಿನಗಳ ಲಿಖಿತ ನೋಟಿಸು ನೀಡಿ, ಸದರಿ ಅವಧಿಯೊಳಗೆ ಬಾಕಿ ಪಾವತಿಯಾಗದಿದ್ದಲ್ಲಿ, ಉಳಿದ ಸಾಲವನ್ನು ಒಟ್ಟಿಗೆ ಕೇಳಲು, ವಾಹನವನ್ನು ವಶಕ್ಕೆ ಪಡೆಯಲು ಹಾಗೂ ಹರಾಜು ಮಾಡಿ ಹಣವನ್ನು ಸಾಲಕ್ಕೆ ಜಮಾ ಮಾಡಿಕೊಳ್ಳಲು ಹಕ್ಕುಳ್ಳದ್ದಾಗಿರುತ್ತದೆ."

ಅದನ್ನು ನಾನು ಹೀಗೆ ಒಡೆದೆ: "ಸತತ ಎರಡು ಕಂತು ಕಟ್ಟದಿದ್ದರೆ ಸಂಘ 15 ದಿನಗಳ ನೋಟಿಸು ಕೊಡುತ್ತದೆ. ಅಷ್ಟರಲ್ಲಿ ಬಾಕಿ ಕಟ್ಟದಿದ್ದರೆ ಉಳಿದ ಸಾಲವನ್ನು ಒಟ್ಟಿಗೆ ಕೇಳಬಹುದು. ಸಂಘ ವಾಹನವನ್ನು ವಶಕ್ಕೆ ಪಡೆದು ಹರಾಜು ಮಾಡಬಹುದು."

ನೋಡಲು ಎಷ್ಟು ಚೆನ್ನಾಗಿದೆ! ಆದರೆ ಮೂರನೇ ವಾಕ್ಯವೊಂದನ್ನೇ ಓದಿ. ಯಾವಾಗ ವಶಕ್ಕೆ ಪಡೆಯಬಹುದು? ಯಾವಾಗ ಬೇಕಾದರೂ. ಕನ್ನಡದ ಉದ್ದ ವಾಕ್ಯದಲ್ಲಿ ಷರತ್ತೆಲ್ಲ ಮೊದಲೇ ಬಂದು, ಕೊನೆಯ ಒಂದು "ಹಕ್ಕುಳ್ಳದ್ದಾಗಿರುತ್ತದೆ"ಗೆ ಮೂರು ಕೆಲಸವೂ ನೇತಾಡಿಕೊಂಡಿರುತ್ತವೆ. ಆ "ಇದ್ದಲ್ಲಿ", "ನೀಡಿ" ಮೂರಕ್ಕೂ ಸೇರಿದ್ದು. ನಡುವೆ ಪೂರ್ಣವಿರಾಮ ಇಟ್ಟ ಕೂಡಲೇ ಅವು ಹಿಂದಿನ ವಾಕ್ಯದಲ್ಲೇ ಉಳಿದುಹೋದವು, ಹಕ್ಕು ಮಾತ್ರ ಮುಂದಕ್ಕೆ ಬಂತು. ಇನ್ನೂ ಎರಡು ತಪ್ಪು ಅದರಲ್ಲೇ ಇವೆ. ಜಾಮೀನುದಾರನಿಗೆ ಹೋಗಬೇಕಾದ ನೋಟಿಸು ಮಾಯವಾಗಿದೆ. ಮೂಲದಲ್ಲಿ ನೋಟಿಸು ಹಕ್ಕು ಚಲಾಯಿಸಲು ಪೂರೈಸಬೇಕಾದ ಷರತ್ತು ಮಾತ್ರ. ನನ್ನ "ಕೊಡುತ್ತದೆ" ಅದನ್ನು ಸಂಘದ ಮೇಲಿನ ಹೊಸ ಹೊಣೆಯಾಗಿ ಮಾಡಿತ್ತು.

ಒಂದೇ ಕಂತು ತಪ್ಪಿದ್ದ ಗೂಡ್ಸ್ ಆಟೊದವರೊಬ್ಬರ ಗಾಡಿಯನ್ನು ವಸೂಲಿಗೆ ಹೋದವರು ಆ ಮೂರನೇ ವಾಕ್ಯ ತೋರಿಸಿ ಎತ್ತಿಕೊಂಡು ಬಂದರು. ಎಂಟು ದಿನ ಅವರಿಗೆ ದುಡಿಮೆ ಇಲ್ಲ. ಅವರು ಸಂಘದ ಬಾಗಿಲಲ್ಲಿ ನಿಂತು "ಎರಡು ಕಂತು ಅಂತ ಓದಿಯೇ ಸಹಿ ಹಾಕಿದ್ದೆ ಸ್ವಾಮಿ" ಅಂದದ್ದು ಇವತ್ತಿಗೂ ಕಿವಿಯಲ್ಲಿದೆ. ಗಾಡಿ ವಾಪಸು ಕೊಟ್ಟೆವು.

ಅದಕ್ಕಿಂತ ದೊಡ್ಡ ಪೆಟ್ಟು ಹಳೆಯ ಸಾಲಗಳಲ್ಲಿ ಬಿತ್ತು. ನವೀಕರಣದ ವೇಳೆ ಹೊಸ ಫಾರಂಗೆ ಸಾಲಗಾರರ ಸಹಿ ಮಾತ್ರ ತೆಗೆದುಕೊಂಡಿದ್ದೆವು. ಭಾರತೀಯ ಕರಾರು ಕಾಯ್ದೆ, 1872ರ 133ನೇ ಕಲಂ ಪ್ರಕಾರ, ಜಾಮೀನುದಾರನ ಒಪ್ಪಿಗೆ ಇಲ್ಲದೆ ಸಾಲದ ಕರಾರನ್ನು ಬದಲಿಸಿದರೆ, ಆಮೇಲಿನ ವ್ಯವಹಾರಗಳಿಗೆ ಅವನ ಹೊಣೆ ಇರುವುದಿಲ್ಲ. ಒಬ್ಬ ಜಾಮೀನುದಾರರು ಅದನ್ನೇ ಹಿಡಿದರು. ನಮ್ಮ ವಕೀಲರು ಎರಡೂ ಫಾರಂ ಪಕ್ಕಪಕ್ಕ ಇಟ್ಟು ನೋಡಿ, ಅವರನ್ನು ಬಿಟ್ಟುಬಿಡಿ ಎಂದರು.

ಈಗ ನಾನು ಮಾಡುವುದು ಇಷ್ಟು. ಬರೆಯುವ ಮೊದಲು ಮೂಲ ವಾಕ್ಯದ ಕ್ರಿಯಾಪದಗಳಿಗೆಲ್ಲ ಅಡಿಗೆರೆ ಹಾಕಿ, ಪ್ರತಿಯೊಂದರ ಎದುರು ಯಾರು, ಯಾರಿಗೆ, ಎಷ್ಟು ದಿನದಲ್ಲಿ, ಏನು ನಡೆದ ಮೇಲೆ ಎಂದು ಗುರುತು ಮಾಡುತ್ತೇನೆ. ಆಮೇಲೆ ಷರತ್ತುಗಳನ್ನು ಒಂದು ಕಡೆ, ಹಕ್ಕುಗಳನ್ನು ಒಂದು ಕಡೆ ಇಟ್ಟು, ನಡುವೆ ಕೊಂಡಿ ಬರೆಯುತ್ತೇನೆ. ಅದೇ ವಾಕ್ಯ ಹೀಗಾಗುತ್ತದೆ:

7(1) ಈ ಮೂರೂ ನಡೆದಿದ್ದರೆ ಸಂಘಕ್ಕೆ 7(2)ರ ಹಕ್ಕುಗಳಿರುತ್ತವೆ:
(ಅ) ಸಾಲಗಾರ ಸತತ ಎರಡು ಕಂತು ಪಾವತಿಸಿಲ್ಲ;
(ಆ) ಸಂಘ ಸಾಲಗಾರನಿಗೂ ಜಾಮೀನುದಾರನಿಗೂ 15 ದಿನಗಳ ಲಿಖಿತ ನೋಟಿಸು ನೀಡಿದೆ, ಮತ್ತು
(ಇ) ಆ 15 ದಿನಗಳೊಳಗೆ ಬಾಕಿ ಪಾವತಿಯಾಗಿಲ್ಲ.
7(2) ಸಂಘವು
(ಅ) ಉಳಿದ ಸಾಲವನ್ನು ಒಟ್ಟಿಗೆ ಕೇಳಬಹುದು;
(ಆ) ವಾಹನವನ್ನು ವಶಕ್ಕೆ ಪಡೆಯಬಹುದು, ಮತ್ತು
(ಇ) ಅದನ್ನು ಹರಾಜು ಮಾಡಿ, ಬಂದ ಹಣವನ್ನು ಸಾಲಕ್ಕೆ ಜಮಾ ಮಾಡಿಕೊಳ್ಳಬಹುದು.

ಪದಗಳು ಅಷ್ಟೇನೂ ಕಡಿಮೆಯಾಗಿಲ್ಲ, ಆಗಬೇಕಾಗಿಯೂ ಇಲ್ಲ. 7(1)ರಲ್ಲಿ (ಇ) ಹಿಂದಿನ ಆ "ಮತ್ತು" ಅಳಿಸಬೇಡಿ. ಅಲ್ಲಿ "ಅಥವಾ" ಬಂದರೆ ಮೂರರಲ್ಲಿ ಒಂದು ನಡೆದರೂ ಸಾಕು ಎಂದಾಗುತ್ತದೆ. "ಸದರಿ" ತೆಗೆದರೆ ಅದು ಯಾವುದನ್ನು ತೋರಿಸುತ್ತಿತ್ತೋ ಅದರ ಹೆಸರನ್ನೇ ಬರೆಯಿರಿ. ಮೂಲದಲ್ಲಿ "ತಕ್ಕದ್ದು" ಇದ್ದರೆ "ಬೇಕು" ಎನ್ನಿ, "ಬಹುದು" ಎನ್ನಬೇಡಿ. ಮೂಲವೇ ಎರಡು ಅರ್ಥ ಕೊಡುತ್ತಿದ್ದರೆ ನೀವೇ ಒಂದನ್ನು ಆರಿಸಬೇಡಿ, ವಕೀಲರಿಗೂ ಆಡಳಿತ ಮಂಡಳಿಗೂ ಬಿಡಿ. ಅದು ತಿದ್ದುವವರ ಕೆಲಸವಲ್ಲ.

ಮುಗಿದ ಮೇಲೆ ಉಳಿದದ್ದನ್ನು ಹಾಳೆಯಿಂದ ಮುಚ್ಚಿ, ಒಂದೊಂದೇ ವಾಕ್ಯ ಓದಿ. ವಸೂಲಿಗೆ ಹೋದವನು ಅದೊಂದನ್ನೇ ತೋರಿಸಿದರೆ ಏನು ಮಾಡಬಹುದು ಎಂದು ಕೇಳಿಕೊಳ್ಳಿ. 7(2) ಒಂದನ್ನೇ ಓದಿದರೆ ನನಗೆ ಈಗಲೂ ಅಳುಕುತ್ತದೆ, ಅದಕ್ಕೇ ಅಲ್ಲಿ "7(1)ರ ಮೂರೂ ನಡೆದಿದ್ದರೆ ಸಂಘವು" ಎಂದು ಇನ್ನೊಮ್ಮೆ ಬರೆಯುತ್ತೇನೆ. ಹೊಸ ಫಾರಂ ಹೊಸ ಸಾಲಗಳಿಗೆ ಮಾತ್ರ ಬಳಸಿ. ಹಳೆಯದಕ್ಕೆ ಬೇಕೇಬೇಕು ಅಂದರೆ ಜಾಮೀನುದಾರರನ್ನೂ ಕರೆಸಿ, ಓದಿ ಹೇಳಿ, ಸಹಿ ತೆಗೆದುಕೊಳ್ಳಿ.