ಹಾಲಿಡೇ ಕ್ಲಬ್ ಬಿಡುವಾಗ ಬಾಯಿಮಾತು ಸಾಲದು, ಕಾಗದ ಬೇಕು

"2017ರಲ್ಲಿ ಮಾಲ್‌ನಲ್ಲಿ ಕೂಪನ್ ತುಂಬಿಸಿಕೊಂಡು, ಹೋಟೆಲಿಗೆ ಕರೆಸಿ, ಮೂರು ಗಂಟೆ ಕೂರಿಸಿ 25 ವರ್ಷದ ಹಾಲಿಡೇ ಕ್ಲಬ್ ಮೆಂಬರ್‌ಶಿಪ್ ಕೊಟ್ಟರು. ಈಗ ಬೇಕಾದಾಗ ರೂಮ್ ಸಿಗಲ್ಲ, ಮೇಂಟೆನೆನ್ಸ್ ಫೀ ಮಾತ್ರ ವರ್ಷಾ ವರ್ಷ ಏರುತ್ತಿದೆ. ಬಿಡ್ತೀನಿ ಅಂದ್ರೆ ಆಗಲ್ಲ ಅಂತಾರೆ. ಹೊರಗೆ ಬರೋದು ಹೇಗೆ?"

ನಾನು 2015ರಲ್ಲಿ ಮೈಸೂರಿನ ಒಂದು ಹೋಟೆಲ್ ಹಾಲ್‌ನಲ್ಲಿ ಇಂಥದ್ದೇ ಕಾಗದಕ್ಕೆ ಸಹಿ ಹಾಕಿದ್ದೆ. ವರ್ಷಕ್ಕೆ ಕೆಲವು ದಿನ ಕ್ಲಬ್‌ನ ರೆಸಾರ್ಟ್‌ಗಳಲ್ಲಿ ತಂಗುವ ಹಕ್ಕು, 25 ವರ್ಷಕ್ಕೆ 3,20,000 ರೂಪಾಯಿ. ಗಂಡ ಹೆಂಡತಿ ಇಬ್ಬರೂ ಬಂದರಷ್ಟೇ ಗಿಫ್ಟ್ ವೋಚರ್ ಅಂದಿದ್ದರು. "ಮನೆಯಲ್ಲಿ ಕೇಳಿ ಹೇಳ್ತೀನಿ" ಅನ್ನುವ ದಾರಿ ಮುಚ್ಚೋಕೇ ಹಾಗೆ ಮಾಡ್ತಾರೆ ಅಂತ ಆಮೇಲೆ ಗೊತ್ತಾಯಿತು. ಒಂಬತ್ತು ವರ್ಷ ಇಟ್ಟುಕೊಂಡು 2024ರಲ್ಲಿ ಬಿಟ್ಟೆ.

ಮೊದಲು ಒಂದು ಲೆಕ್ಕ ಹಾಕಿ. ಕಟ್ಟಿದ ದುಡ್ಡಿನದಲ್ಲ, ಇನ್ನು ಕಟ್ಟಬೇಕಾದ ದುಡ್ಡಿನದು. ನನಗೆ ಮೊದಲ ವರ್ಷ 8,500 ಇದ್ದ ಮೇಂಟೆನೆನ್ಸ್ ಒಂಬತ್ತು ವರ್ಷದಲ್ಲಿ ಜಿಎಸ್‌ಟಿ ಸೇರಿ 15,600 ಆಗಿತ್ತು. ಅಂದರೆ ವರ್ಷಕ್ಕೆ ಸುಮಾರು ಶೇ 7ರಷ್ಟು ಏರಿಕೆ. ಉಳಿದ 16 ವರ್ಷವೂ ಹಾಗೇ ಏರಿದರೆ ಒಟ್ಟು 4,35,000 ರೂಪಾಯಿ ಆಗುತ್ತಿತ್ತು. ಮೆಂಬರ್‌ಶಿಪ್ ಕೊಂಡ ಬೆಲೆಗಿಂತ ಜಾಸ್ತಿ! "ಇಷ್ಟು ದುಡ್ಡು ಹಾಕಿದ್ದೀವಿ, ಹೇಗೆ ಬಿಡೋದು" ಅಂತ ನನ್ನ ಹೆಂಡತಿ ಎರಡು ವರ್ಷ ಹಿಂದೆಮುಂದೆ ನೋಡಿದ್ದಳು. ಈ ಲೆಕ್ಕ ಕಂಡ ಮೇಲೆ ಅವಳೇ ಬಿಡೋಣ ಅಂದಳು. ನಿಮ್ಮ ಹಳೆಯ ಬಿಲ್‌ಗಳನ್ನು ಇಟ್ಟುಕೊಂಡು ನೀವೂ ಹೀಗೇ ಲೆಕ್ಕ ಹಾಕಿ.

ಆಮೇಲೆ ನೀವು ಸಹಿ ಹಾಕಿದ ಅರ್ಜಿ ಮತ್ತು ನಿಯಮಗಳ ಪುಸ್ತಿಕೆ ತೆಗೆಯಿರಿ. ಸಿಗದಿದ್ದರೆ ಕಂಪನಿಗೆ ಇಮೇಲ್ ಮಾಡಿ ಪ್ರತಿ ಕೇಳಿ. ಕೆಲವು ದಿನಗಳ ಒಳಗೆ ರದ್ದು ಮಾಡಿದರೆ ಹಣ ವಾಪಸ್ ಅನ್ನುವ ಸಾಲು ಸಾಮಾನ್ಯವಾಗಿ ಇರುತ್ತದೆ. ನಿಮಗೂ ನನಗೂ ಅದು ಎಂದೋ ಮುಗಿದ ಮಾತು. ನೀವು ಹುಡುಕಬೇಕಾದದ್ದು ಬೆಲೆಯನ್ನು ಹೇಗೆ ಭಾಗ ಮಾಡಿದ್ದಾರೆ ಅನ್ನೋದು. ನನ್ನದರಲ್ಲಿ ಶೇ 60 ಪ್ರವೇಶ ಶುಲ್ಕ, ಅದು ವಾಪಸ್ ಇಲ್ಲ ಅಂತ ಬರೆದಿತ್ತು. ಉಳಿದ ಶೇ 40 ರಜೆಯ ಹಕ್ಕಿನ ಶುಲ್ಕ, ಅಂದರೆ 1,28,000. ಅದು 25 ವರ್ಷಕ್ಕೆ ಹಂಚಿದ ಹಣ. ಕಳೆದ 9 ವರ್ಷದ್ದು ಬಿಟ್ಟರೆ 16 ವರ್ಷದ್ದು 81,920 ರೂಪಾಯಿ. ನಾನು ಇಷ್ಟನ್ನು ಮಾತ್ರ ಕೇಳಿದೆ. ಪೂರ್ತಿ 3,20,000 ಕೇಳಿದರೆ, "ಇಷ್ಟು ರಜೆ ಕಳೆದಿದ್ದೀರಲ್ಲ" ಅಂತ ಅವರಿಗೆ ಒಳ್ಳೆಯ ಉತ್ತರ ಸಿಗುತ್ತದೆ. ಅವರದೇ ಕಾಗದದಿಂದ ತೆಗೆದ ಲೆಕ್ಕಕ್ಕೆ ಅಂಥ ಉತ್ತರ ಸಿಗೋದು ಕಷ್ಟ.

ಈಗ ಮುಖ್ಯ ವಿಷಯ. ಕಸ್ಟಮರ್ ಕೇರ್‌ಗೆ ಎಷ್ಟು ಸಲ ಫೋನ್ ಮಾಡಿದರೂ ಪ್ರಯೋಜನವಿಲ್ಲ. ನಾನು ಆರು ತಿಂಗಳು ಫೋನ್ ಮಾಡಿದೆ. ಪ್ರತಿ ಸಲ "ಸಂಬಂಧಪಟ್ಟವರು ಕರೆ ಮಾಡ್ತಾರೆ" ಅನ್ನೋರು. ಬಿಡುತ್ತೇನೆ ಅಂದದ್ದಕ್ಕೆ ನನ್ನ ಕೈಯಲ್ಲಿ ಒಂದು ಪುರಾವೆಯೂ ಇರಲಿಲ್ಲ. ಕಡೆಗೆ ಒಂದು ಪುಟದ ಪತ್ರ ಬರೆದೆ. ಮೆಂಬರ್‌ಶಿಪ್ ನಂಬರ್, "ಈ ದಿನದಿಂದ ನನ್ನ ಮೆಂಬರ್‌ಶಿಪ್ ಬಿಡುತ್ತಿದ್ದೇನೆ, ಮುಂದಿನ ಮೇಂಟೆನೆನ್ಸ್ ಬಿಲ್ ಹಾಕಬೇಡಿ" ಅನ್ನುವ ಮಾತು, 81,920ರ ಲೆಕ್ಕ, ರೂಮ್ ಕೇಳಿ ಸಿಗದ ನಾಲ್ಕು ಸಲದ ತಾರೀಖು, ಉತ್ತರಕ್ಕೆ 15 ದಿನ. ಇಷ್ಟೇ. ಕೋಪದ ಮಾತು ಒಂದೂ ಇಲ್ಲ. ಅದನ್ನು ಇಮೇಲ್ ಮಾಡಿ, ಕಂಪನಿಯ ನೋಂದಾಯಿತ ಕಚೇರಿಗೆ ಸ್ಪೀಡ್ ಪೋಸ್ಟ್‌ನಲ್ಲೂ ಕಳಿಸಿದೆ. ತಲುಪಿದ ಟ್ರ್ಯಾಕಿಂಗ್ ಪುಟವನ್ನು ಪ್ರಿಂಟ್ ತೆಗೆದಿಟ್ಟುಕೊಂಡೆ.

ಪತ್ರ ಹೋದ ವಾರದಲ್ಲೇ ಕರೆ ಬಂತು. "ಬನ್ನಿ ಸರ್, ಕೂತು ಬಗೆಹರಿಸೋಣ." ಹೋದರೆ ಅದೇ ಹೋಟೆಲ್, ಅದೇ ಥರದ ಮೇಜು. ಹಳೆಯದನ್ನು ರದ್ದು ಮಾಡ್ತೀವಿ, ಆ ಹಣ ಸೇರಿಸಿ ಹೊಸ ಪಾಯಿಂಟ್ಸ್ ಪ್ಲಾನ್ ಕೊಡ್ತೀವಿ, 90,000 ಮಾತ್ರ ಕಟ್ಟಿ ಅಂದರು. ಆ ಫಾರ್ಮ್ ಓದಿದರೆ ಅವಧಿ ಮತ್ತೆ ಒಂದರಿಂದ ಶುರು. ದಯವಿಟ್ಟು ಇಂಥ ಮೀಟಿಂಗ್‌ಗೆ ಹೋಗಬೇಡಿ. ಏನೇ ಇದ್ದರೂ ಇಮೇಲ್‌ನಲ್ಲಿ ಬರೆಯಿರಿ ಅನ್ನಿ.

ದುಡ್ಡು ಕಟ್ಟೋದು ನಿಲ್ಲಿಸುವ ಮೊದಲು ಒಂದು ವಿಷಯ ಖಚಿತ ಮಾಡಿಕೊಳ್ಳಿ. ನಿಮ್ಮ ಇಎಂಐ ಬಾಕಿ ಇದ್ದರೆ ಅದು ಕಂಪನಿಗೇ ಹೋಗುತ್ತದಾ, ಅಥವಾ ಬ್ಯಾಂಕ್ ಇಲ್ಲವೇ ಫೈನಾನ್ಸ್ ಕಂಪನಿಯ ಸಾಲವಾ? ಸಾಲವಾದರೆ ಕಟ್ಟೋದು ನಿಲ್ಲಿಸಬೇಡಿ, ನಿಮ್ಮ ಕ್ರೆಡಿಟ್ ಸ್ಕೋರ್ ಕೆಡುತ್ತದೆ. ಕ್ಲಬ್ ಜೊತೆಗಿನ ಜಗಳ ಆ ಸಾಲವನ್ನು ತಾನಾಗಿ ತಡೆಯೋದಿಲ್ಲ. ಮೇಂಟೆನೆನ್ಸ್ ಬೇರೆ. ಅದು ಖಾತೆಯಿಂದ ತಾನಾಗಿ ಹೋಗುತ್ತಿದ್ದರೆ, ಬಿಡುವ ಪತ್ರ ತಲುಪಿದ ಮೇಲೆ ಬ್ಯಾಂಕ್‌ನಲ್ಲಿ ಆ ಮ್ಯಾಂಡೇಟ್ ರದ್ದು ಮಾಡಿಸಬಹುದು. ಪತ್ರವಿಲ್ಲದೆ ಸುಮ್ನೆ ನಿಲ್ಲಿಸಿದರೆ ಬಾಕಿ, ಬಡ್ಡಿ ಬೆಳೆಯುತ್ತಾ ಹೋಗುತ್ತದೆ, ಸುಸ್ತಿದಾರರು ನೀವೇ ಆಗುತ್ತೀರಿ. ಪೊಲೀಸ್ ಕೇಸ್ ಅಂತ ಯಾರಾದರೂ ಹೆದರಿಸಿದರೆ ಬೆದರಬೇಡಿ. ಫೀ ಬಾಕಿ ಸಿವಿಲ್ ವಿಷಯ. ಚೆಕ್ ಕೊಟ್ಟು ಅದು ಬೌನ್ಸ್ ಆದರೆ ಮಾತ್ರ ಕಥೆ ಬೇರೆ.

ನನ್ನ ಪತ್ರಕ್ಕೆ ಕಂಪನಿಯವರು ಕಡೆಗೆ ಬರೆದದ್ದು ಹೀಗೆ: ರದ್ದು ಮಾಡ್ತೀವಿ, ಒಂದು ರೂಪಾಯಿಯೂ ವಾಪಸ್ ಇಲ್ಲ. ನಾನು ಒಪ್ಪಲಿಲ್ಲ. 1915ಕ್ಕೆ, ಅಂದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ದೂರು ಕೊಟ್ಟೆ. ಅವರು ದೂರನ್ನು ಕಂಪನಿಗೆ ದಾಟಿಸುತ್ತಾರೆ, ಆದೇಶ ಕೊಡುವ ಅಧಿಕಾರ ಅವರಿಗಿಲ್ಲ. ಅಲ್ಲಿ ಆಗಲಿಲ್ಲ ಅಂತ ಮೈಸೂರಿನ ಜಿಲ್ಲಾ ಗ್ರಾಹಕ ಆಯೋಗಕ್ಕೆ ಹೋದೆ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ನೀವು ಇರುವ ಊರಲ್ಲೇ ದೂರು ಹಾಕಬಹುದು. ಕೊಟ್ಟ ಹಣ 5 ಲಕ್ಷದವರೆಗೆ ಇದ್ದರೆ ಫೀ ಇಲ್ಲ, ವಕೀಲರೂ ಕಡ್ಡಾಯವಲ್ಲ. ಈಗ ಇ-ಜಾಗೃತಿ ಪೋರ್ಟಲ್‌ನಲ್ಲಿ ಆನ್‌ಲೈನ್ ಹಾಕಬಹುದು. "ವಿವಾದ ಬೇರೆ ಊರಲ್ಲಿ, ಮಧ್ಯಸ್ಥಿಕೆಯಲ್ಲೇ ತೀರಬೇಕು" ಅಂತ ನಿಮ್ಮ ಕಾಗದದಲ್ಲಿ ಇದ್ದರೂ ಗ್ರಾಹಕ ಆಯೋಗದ ಬಾಗಿಲು ಮುಚ್ಚೋದಿಲ್ಲ.

ಇಲ್ಲೇ ತುಂಬಾ ಜನ ಎಡವುತ್ತಾರೆ. ದೂರಿಗೆ ಕಾರಣ ಹುಟ್ಟಿದ ಎರಡು ವರ್ಷದೊಳಗೆ ದೂರು ಹಾಕಬೇಕು. "2017ರಲ್ಲಿ ಹಾಲ್‌ನಲ್ಲಿ ಸುಳ್ಳು ಹೇಳಿದರು" ಅನ್ನೋದನ್ನೇ ಮುಂದಿಟ್ಟರೆ ಅವಧಿ ಮುಗಿದಿದೆ ಅಂತಾರೆ. ಅದೂ ಅಲ್ಲದೆ ಬಾಯಿಮಾತಿಗೆ ಸಾಕ್ಷಿ ಎಲ್ಲಿದೆ? ಇತ್ತೀಚಿನದನ್ನು ಮುಂದಿಡಿ. ಈ ಎರಡು ವರ್ಷದಲ್ಲಿ ರೂಮ್ ಕೇಳಿದ್ದು ಸಿಗದೇ ಹೋದದ್ದು, ಬಿಡ್ತೀನಿ ಅಂತ ಬರೆದದ್ದನ್ನು ಅವರು ತಿರಸ್ಕರಿಸಿದ್ದು. ಬುಕಿಂಗ್ ಆಪ್‌ನಲ್ಲಿ "ಲಭ್ಯವಿಲ್ಲ" ಅಂತ ಬಂದಾಗಲೆಲ್ಲ ತಾರೀಖು ಕಾಣುವಂತೆ ಸ್ಕ್ರೀನ್‌ಶಾಟ್ ತೆಗೆದಿಡಿ, ಇವತ್ತಿನಿಂದಲೇ. ಹಾಲ್‌ನಲ್ಲಿ ನಡೆದದ್ದನ್ನು ಹಿನ್ನೆಲೆಯಾಗಿ ಎರಡು ಸಾಲು ಬರೆದರೆ ಸಾಕು.

ನನ್ನದು ವಿಚಾರಣೆ ಶುರುವಾಗುವ ಮೊದಲೇ ರಾಜಿಯಾಯಿತು. 81,920ರಲ್ಲಿ ಆ ವರ್ಷದ ಮೇಂಟೆನೆನ್ಸ್ 15,600 ಹಿಡಿದುಕೊಂಡು 66,320 ಕೊಟ್ಟರು. ಹಣ ಖಾತೆಗೆ ಬಂದ ಮೇಲಷ್ಟೇ ದೂರು ವಾಪಸ್ ಪಡೆದೆ. ಮೆಂಬರ್‌ಶಿಪ್ ನಂಬರ್, ರದ್ದಾದ ದಿನ, "ಯಾವ ಬಾಕಿಯೂ ಇಲ್ಲ, ಮುಂದೆ ಬಿಲ್ ಬರೋದಿಲ್ಲ" ಅನ್ನೋ ಮೂರೂ ಇರುವ ಪತ್ರ ಕೇಳಿ ಪಡೆದೆ.

ಇನ್ನೊಂದು ಮಾತು. ಈ ಓಡಾಟದ ನಡುವೆ "ನಿಮ್ಮ ಮೆಂಬರ್‌ಶಿಪ್ ಕೊಳ್ಳೋಕೆ ಗಿರಾಕಿ ಇದ್ದಾರೆ, 4 ಲಕ್ಷ ಕೊಡ್ತಾರೆ, ಮೊದಲು ಟ್ರಾನ್ಸ್‌ಫರ್ ಫೀ 18,000 ಕಟ್ಟಿ" ಅಂತ ಯಾರೋ ಫೋನ್ ಮಾಡಿದರು. ನನ್ನ ಹೆಸರು, ನಂಬರ್ ಎಲ್ಲ ಅವರಿಗೆ ಗೊತ್ತಿತ್ತು. ನಿಮಗೂ ಇಂಥ ಕರೆ ಬರಬಹುದು. ಒಂದು ಪೈಸೆಯೂ ಕಟ್ಟಬೇಡಿ.