ಕಾಯಿಲೆ ಬಗ್ಗೆ ಬರೆದರೆ ಡಾಕ್ಟರ್ ಫೈಲ್ ಥರ ಆಗುತ್ತದೆ, ಏನು ಮಾಡಲಿ?

"ತುಂಬಾ ವರ್ಷದಿಂದ ವಾಸಿಯಾಗದ ಕಾಯಿಲೆ ಜೊತೆ ಬದುಕುತ್ತಿದ್ದೇನೆ. ಅದರ ಬಗ್ಗೆ ಬರೆಯಬೇಕು ಅಂತ ಆಸೆ. ಆದರೆ ಬರೆದದ್ದು ಒಂದೋ ಡಾಕ್ಟರ್ ಫೈಲ್ ಥರ ಇರುತ್ತದೆ, ಇಲ್ಲಾ ಅಯ್ಯೋ ಪಾಪ ಅನ್ನಿಸಿಕೊಳ್ಳೋ ಥರ. ಹೇಗೆ ಬರೆಯೋದು?"

ನನಗೆ ರುಮಟಾಯ್ಡ್ ಸಂಧಿವಾತ ಶುರುವಾಗಿ 11 ವರ್ಷ ಆಯ್ತು. ಮೊದಲ ಸಲ ಬರೆದಾಗ ಹೀಗಿತ್ತು: "ಎರಡೂ ಕೈಗಳ ಸಣ್ಣ ಕೀಲುಗಳಲ್ಲಿ ಊತ ಕಾಣಿಸಿಕೊಂಡಿತು. ಇಎಸ್‌ಆರ್ ಹೆಚ್ಚಿತ್ತು. ಮೆಥೊಟ್ರೆಕ್ಸೇಟ್ ಆರಂಭಿಸಲಾಯಿತು."

ಒಂದು ಸಾಲೂ ಸುಳ್ಳಲ್ಲ. ಆದರೆ ಅದರಲ್ಲಿ ನಾನೇ ಇರಲಿಲ್ಲ. "ಆರಂಭಿಸಲಾಯಿತು" ಅಂತೆ! ಮಾತ್ರೆ ನುಂಗಿದವಳು ನಾನು. ತಂಗಿ ಓದಿ, "ಇದನ್ನ ರಿಪೋರ್ಟ್‌ಗಳ ಜೊತೆಗೇ ಇಟ್ಟುಬಿಡು ಅಕ್ಕಾ" ಅಂದಳು.

ಸಿಟ್ಟು ಬಂದು ಮತ್ತೆ ಬರೆದೆ: "ಪ್ರತಿ ಬೆಳಗ್ಗೆ ಸಹಿಸಲಾಗದ ನೋವಿನಲ್ಲಿ ಏಳುತ್ತೇನೆ. ಈ ನರಕ ಯಾರಿಗೂ ಅರ್ಥವಾಗುವುದಿಲ್ಲ." ಈ ಸಲ ಅವಳು ಏನೂ ಹೇಳಲಿಲ್ಲ. ಎದ್ದು ಬಂದು ತಬ್ಬಿಕೊಂಡಳು. ನನಗೆ ಬೇಕಿದ್ದದ್ದು ಅದಲ್ಲ. ಬರೆದದ್ದರ ಬಗ್ಗೆ ಅವಳು ಏನಾದರೂ ಕೇಳಬೇಕಿತ್ತು.

ಮೂರನೇ ಸಲ 11 ವರ್ಷದ ಕಥೆ ಬಿಟ್ಟು ಒಂದೇ ಒಂದು ಬೆಳಗ್ಗೆ ಹಿಡಿದುಕೊಂಡೆ. ಈ ಕಾಯಿಲೆಯಲ್ಲಿ ಎದ್ದ ತಕ್ಷಣ ಕೀಲುಗಳು ಬಿಗಿದುಕೊಂಡಿರುತ್ತವೆ. ಒಂದು ಗಂಟೆ, ಕೆಲವು ದಿನ ಅದಕ್ಕೂ ಜಾಸ್ತಿ. ಆಡಿಸುತ್ತಾ ಇದ್ದರೆ ಮೆಲ್ಲಗೆ ಸಡಿಲವಾಗುತ್ತವೆ. ಅಂದರೆ ಆ ಒಂದು ಗಂಟೆಗೆ ತನ್ನದೇ ಒಂದು ಶುರು, ಒಂದು ನಡು ಇದೆ. ಬರೆಯುವವರಿಗೆ ಇನ್ನೇನು ಬೇಕು?

"5:30ಕ್ಕೆ ಅಲಾರಂ. ಎದ್ದು ಮಾಡುವ ಕೆಲಸ ಏನೂ ಇಲ್ಲ. ನನಗಿಂತ ನಿಧಾನವಾಗಿ ಏಳುವುದು ನನ್ನ ಕೈ, ಅದಕ್ಕಾಗಿ ಈ ಅಲಾರಂ. ಬಿಸಿನೀರಿನಲ್ಲಿ ಕೈ ಇಟ್ಟು ಕೂರುತ್ತೇನೆ. 6:15ಕ್ಕೆ ಅಂಗಿಯ ಮೊದಲ ಗುಂಡಿ ಹಾಕಿ ನೋಡುತ್ತೇನೆ. ಆಗಲಿಲ್ಲ. 6:40ಕ್ಕೆ ಆಯ್ತು. ತೋಳಿನ ತುದಿಯ ಗುಂಡಿಯನ್ನು ಒಂದೇ ಕೈಯಲ್ಲಿ ಹಾಕಬೇಕು, ಅದು ಯಾವತ್ತೂ ಆಗುವುದಿಲ್ಲ. ಅಂಥ ಅಂಗಿಗಳನ್ನೆಲ್ಲ ತಂಗಿಗೆ ಕೊಟ್ಟೆ. ಬಣ್ಣ ಚೆನ್ನಾಗಿಲ್ಲ ಅಂದಳು."

ನೋವು ಅನ್ನುವ ಪದ ಇಲ್ಲಿ ಒಂದು ಸಲವೂ ಬಂದಿಲ್ಲ, ನೋಡಿ. ಡಾಕ್ಟರ್ "ನೋವಿಗೆ ಹತ್ತಕ್ಕೆ ಎಷ್ಟು ಕೊಡ್ತೀರಿ?" ಅಂತ ಕೇಳುತ್ತಾರೆ, ನಾನು ಏಳು ಅನ್ನುತ್ತೇನೆ. ಅವರಿಗೆ ಅದು ಬೇಕು, ಹೋದ ಸಲದ ಜೊತೆ ಹೋಲಿಸಿ ನೋಡಬೇಕಲ್ಲ. ಓದುವವರಿಗೆ ಏಳು ಅಂದರೆ ಏನೂ ಅಲ್ಲ. ಒಂದು ಗುಂಡಿಗೆ 25 ನಿಮಿಷ ಕಾದೆ ಅಂದರೆ ಮಾತ್ರ ಅವರ ಕೈ ತಾನಾಗಿ ತಮ್ಮ ಅಂಗಿಯ ಗುಂಡಿ ಮುಟ್ಟಿ ನೋಡುತ್ತದೆ.

ಹಾಗಂತ ಔಷಧದ ಹೆಸರು ಬರಲೇಬಾರದು ಅಂತಲ್ಲ. ಅದರಿಂದ ನಿಮ್ಮ ದಿನ ಬದಲಾಗುತ್ತಿದ್ದರೆ ಬರಲಿ. ರಕ್ತ ಪರೀಕ್ಷೆಯ ಇಎಸ್‌ಆರ್ ತೆಗೆದುಹಾಕಿದೆ, ಆ ಅಂಕಿಯಿಂದ ನನ್ನ ಬೆಳಗ್ಗೆ ಒಂದು ನಿಮಿಷವೂ ಆಚೀಚೆ ಆಗಿರಲಿಲ್ಲ. ಮೆಥೊಟ್ರೆಕ್ಸೇಟ್ ಉಳಿಸಿಕೊಂಡೆ. ಈ ಕಾಯಿಲೆಗೆ ಅದನ್ನು ವಾರಕ್ಕೆ ಒಂದೇ ದಿನ ತೆಗೆದುಕೊಳ್ಳಬೇಕು. ಮರೆತು ದಿನಾ ನುಂಗಿದರೆ ಪ್ರಾಣಕ್ಕೇ ಅಪಾಯ. ಹಾಗಾಗಿ ಡಬ್ಬಿ ಮೇಲೆ ಕೆಂಪು ಇಂಕಿನಲ್ಲಿ "ಶನಿವಾರ" ಅಂತ ಬರೆದಿದ್ದೇನೆ. ಮಾರನೇ ದಿನ ನನಗೆ ಹೊಟ್ಟೆ ತೊಳಸುತ್ತದೆ. ನಮ್ಮ ಮನೆಯಲ್ಲಿ ಭಾನುವಾರಕ್ಕೆ ಯಾರೂ ಏನೂ ಇಟ್ಟುಕೊಳ್ಳುವುದಿಲ್ಲ. ಇಷ್ಟು ಹೇಳಿದ ಮೇಲೆ ಆ ಉದ್ದದ ಹೆಸರು ಯಾರಿಗೂ ಭಾರ ಅನ್ನಿಸುವುದಿಲ್ಲ.

ಇನ್ನು ಅಯ್ಯೋ ಪಾಪದ ವಿಷಯ. ನನ್ನ ಎರಡನೇ ಬರಹದಲ್ಲಿ ಅದು ನುಸುಳಿದ್ದು "ಯಾರಿಗೂ" ಅನ್ನುವ ಪದದಿಂದ. ಅದು ನಿಜವೂ ಆಗಿರಲಿಲ್ಲ. ತಂಗಿ ಎಷ್ಟೋ ವರ್ಷದಿಂದ ಬಾಟಲಿ ಮುಚ್ಚಳಗಳನ್ನು ಸಡಿಲವಾಗಿ ಮುಚ್ಚಿಡುತ್ತಾಳೆ. ಒಂದು ಮಾತೂ ಆಡಿಲ್ಲ. ಅದನ್ನು ಬರೆದ ಮೇಲೆ "ಯಾರಿಗೂ ಅರ್ಥವಾಗುವುದಿಲ್ಲ" ಅನ್ನುವ ಸಾಲು ಅಲ್ಲಿ ನಿಲ್ಲಲೇ ಇಲ್ಲ. ನಿಮ್ಮ ಬರಹದಲ್ಲೂ "ಯಾರೂ", "ಯಾವಾಗಲೂ", "ಪ್ರತಿ ಕ್ಷಣ" ಎಲ್ಲೆಲ್ಲಿವೆ ಹುಡುಕಿ. ಹೆಚ್ಚಿನ ಕಡೆ ಅದರ ಹಿಂದೆ ನೀವು ಹೇಳದೆ ಬಿಟ್ಟ ಒಂದು ದಿನ ಇರುತ್ತದೆ. ಆ ದಿನವನ್ನೇ ಬರೆಯಿರಿ.

ಪಾಪ ಅನ್ನಿಸಬಾರದು ಅಂತ ಸುಮ್ನೆ ತಮಾಷೆ ಮಾಡಿಕೊಂಡೂ ಹೋಗಬೇಡಿ. ನಾನು ಅದನ್ನೂ ಮಾಡಿದ್ದೆ, ಓದಿದರೆ ಈಗ ನಾಚಿಕೆ ಆಗುತ್ತದೆ. ಅತ್ತಿದ್ದರೆ ಅತ್ತೆ ಅಂತ ಬರೆಯಿರಿ. ಎಲ್ಲಿ, ಯಾವಾಗ ಅಂತ ಹೇಳಿ ಮುಂದಕ್ಕೆ ಹೋಗಿ.

ಕೊನೆ ಮಾತ್ರ ನನಗೆ ತುಂಬಾ ಕಷ್ಟ ಕೊಟ್ಟಿತು. ಕಾಯಿಲೆಯೇ ಮುಗಿಯಲ್ಲ, ಬರಹ ಎಲ್ಲಿ ಮುಗಿಯಬೇಕು? "ಇದರಿಂದ ನಾನು ಕಲಿತದ್ದು" ಅಂತ ಒಂದು ಪ್ಯಾರಾ ಬರೆದು ಹೊಡೆದುಹಾಕಿದೆ. ಈಗ ಅದು 7:05ಕ್ಕೆ, ಬಾಗಿಲಿಗೆ ಬೀಗ ಹಾಕಲು ಕೀಲಿ ಹಿಡಿದುಕೊಂಡಲ್ಲಿಗೆ ನಿಲ್ಲುತ್ತದೆ. ಓದಿ ಮುಗಿಸಿದ ತಂಗಿ ಈ ಸಲ ತಬ್ಬಿಕೊಳ್ಳಲಿಲ್ಲ. "ಆಮೇಲೆ? ಬೀಗ ಹಾಕೋಕೆ ಆಯ್ತಾ?" ಅಂತ ಕೇಳಿದಳು.